ಮೇಲಿನ ತೋಟದವರಿಗೆ ಪತ್ರ: "ನೀವು ಹೀಗೆ, ನೀವು ಹಾಗೆ" ತೆಗೆದರೆ ಏನು ಉಳಿಯುತ್ತದೆ?

ಕೆಳತೋಟ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವಳು. ನಮ್ಮದು ಹಳ್ಳದ ಪಕ್ಕದ ಸಣ್ಣ ತೋಟ. ಮನೆಗೂ ಕೊಟ್ಟಿಗೆಗೂ ಹಳ್ಳದಿಂದಲೇ ಪಂಪ್ ಹಾಕಿದ್ದೇವೆ. ಮೇಲ್ಗಡೆ ಒಂದು ದೊಡ್ಡ ತೋಟ ಇದೆ. ಅರೇಬಿಕಾ ಕಾಫಿ ಕೊಯ್ಲು ಶುರುವಾಯಿತು ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಹಳ್ಳಕ್ಕೆ ಬರುತ್ತದೆ, ನಮಗೆ ತೊಂದರೆ.

ನಮ್ಮ ಯಜಮಾನರು ನಿನ್ನೆ ರಾತ್ರಿ ಕೂತು ಅವರಿಗೆ ಪತ್ರ ಬರೆದಿದ್ದಾರೆ. ಅದನ್ನು ಹಾಗೇ ಕಳಿಸಿದರೆ ಜಗಳ ಗ್ಯಾರಂಟಿ. ನಮ್ಮ ಜೀಪು ಓಡಾಡುವುದೂ ಅವರ ತೋಟದ ದಾರಿಯಲ್ಲೇ. ಪತ್ರ ಇಲ್ಲಿದೆ, ಹೆಸರು ತೆಗೆದಿದ್ದೇನೆ:

"ನೀವು ಪ್ರತಿ ವರ್ಷ ಬೇಕಂತಲೇ ರಾತ್ರಿ ಹೊತ್ತು ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡುತ್ತೀರಿ. ಎಷ್ಟು ಸಲ ಹೇಳಿದರೂ ನಿಮಗೆ ಕೆಳಗಿನವರ ಗತಿ ಕಾಣುವುದಿಲ್ಲ. ನಿಮ್ಮ ಬೇಜವಾಬ್ದಾರಿಯಿಂದ ನಮ್ಮ ಮೋಟಾರ್ ಹಾಳಾಗಿದೆ, ದನಗಳು ನೀರು ಕುಡಿಯುತ್ತಿಲ್ಲ, ಇಡೀ ಊರು ನಾರುತ್ತಿದೆ. ದುಡ್ಡಿದೆ ಅಂತ ಏನು ಬೇಕಾದರೂ ಮಾಡಬಹುದು ಅಂದುಕೊಂಡಿದ್ದೀರಿ. ಕೂಡಲೇ ನಿಲ್ಲಿಸದಿದ್ದರೆ ಮುಂದಾಗುವುದಕ್ಕೆ ನೀವೇ ಹೊಣೆ."

ವಿಷಯ ಸುಳ್ಳಲ್ಲ. ಆದರೆ ಓದಿದವರು ನೀರಿನ ಮಾತು ಬಿಟ್ಟು ಬೈಗುಳಕ್ಕೆ ಉತ್ತರ ಕೊಡುತ್ತಾರೆ. ಹೇಗೆ ತಿದ್ದಲಿ?

ಬೇಲೂರಿನವ

ಸುಲಭ. "ನೀವು", "ನಿಮ್ಮ", "ನಿಮಗೆ" ಎಲ್ಲ ಹೊಡೆದು ಹಾಕಿ. "ಪ್ರತಿ ವರ್ಷ ಬೇಕಂತಲೇ ರಾತ್ರಿ ಹೊತ್ತು ನೀರನ್ನು ಹಳ್ಳಕ್ಕೆ ಬಿಡಲಾಗುತ್ತಿದೆ." ಯಾರ ಹೆಸರೂ ಇಲ್ಲ, ಯಾರಿಗೂ ಕೋಪ ಬರುವುದಿಲ್ಲ.

ರೊಬಸ್ಟಾ ರಾಜ

ಪತ್ರ ಗಿತ್ರ ಎಲ್ಲ ಯಾಕೆ? ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ದೂರು ಬಿಸಾಕಿ. ತಾನಾಗಿ ದಾರಿಗೆ ಬರುತ್ತಾರೆ. ಮೆತ್ತಗಿದ್ದರೆ ತಲೆ ಮೇಲೆ ಹತ್ತುತ್ತಾರೆ, ನಮ್ಮ ಸಕಲೇಶಪುರ ಕಡೆ ಇದೇ ಕಥೆ.

ಕಣದ ಕಾವಲು

ಪಲ್ಪರ್ ನೀರು ಅಂದರೆ ಹುಳಿ ಅಲ್ವಾ. ನೇರವಾಗಿ ಬಿಡಬಾರದು. ತೊಟ್ಟಿಯಲ್ಲಿ ಸುಣ್ಣ ಹಾಕಿ ಹುಳಿ ಮುರಿಯಬೇಕು, ಆಮೇಲೆ ಕೆಸರು ಕೆಳಗೆ ಕೂರುವವರೆಗೆ ನಿಲ್ಲಿಸಬೇಕು. ಸಿಪ್ಪೆಯನ್ನು ಬೇರೆ ಗುಂಡಿಗೆ ಹಾಕಿದರೆ ಒಳ್ಳೇ ಗೊಬ್ಬರ. ತೊಟ್ಟಿ ತಳಕ್ಕೆ ಶೀಟ್ ಹಾಕಿಸಿ, ಇಲ್ಲದಿದ್ದರೆ ಇಂಗಿ ಬಾವಿಗೆ ಸೇರುತ್ತದೆ.

ಕೆಳತೋಟ

@ಕಣದ ಕಾವಲು ಅಣ್ಣಾ, ಪಲ್ಪರ್ ನಮ್ಮದಲ್ಲ, ಅವರದು 😄 ನಾವು ಹಣ್ಣನ್ನು ಕಣದಲ್ಲಿ ಒಣಗಿಸಿ ಚೆರ್ರಿ ಮಾಡುವವರು.

ಕಣದ ಕಾವಲು

ಓ ಸರಿ ಸರಿ. ಪೂರ್ತಿ ಓದಲಿಲ್ಲ. ಆದರೂ ಅವರಿಗೆ ಹೇಳಿ.

ಹಾಸನ ವಕೀಲೆ

ಬೇಲೂರಿನವರೇ, ಒಂದು ತಕರಾರು. ಕನ್ನಡದಲ್ಲಿ "ನೀವು" ತೆಗೆದರೂ ಕ್ರಿಯಾಪದದಲ್ಲಿ ಅದು ಉಳಿದಿರುತ್ತದೆ. "ನೀರು ಬಿಟ್ಟಿದ್ದೀರಿ" ಅಂದರೆ ಬೆರಳು ತೋರಿಸಿದ್ದೇ ಆಯಿತು. ಅದಕ್ಕೆ ನೀವು "ಬಿಡಲಾಗುತ್ತಿದೆ" ಮಾಡಿದಿರಿ. ಅದು ತಹಶೀಲ್ದಾರ್ ನೋಟಿಸ್ ತರಹ ಇನ್ನೂ ಗಡುಸಾಯಿತು. ಓದಿದವನು "ಯಾರು ಬಿಟ್ಟಿದ್ದಾರೆ ಅಂತ ನೇರವಾಗಿ ಹೇಳಲಿ ನೋಡೋಣ" ಅನ್ನುತ್ತಾನೆ. ಅದಕ್ಕಿಂತ ಮುಖ್ಯ, "ಬೇಕಂತಲೇ" ಹಾಗೇ ಇದೆ. ಈ ವಾಕ್ಯದಲ್ಲಿ ಕೆರಳಿಸುವ ಪದ ಅದೇ ಹೊರತು "ನೀವು" ಅಲ್ಲ.

ನಾನು ಮಧ್ಯಸ್ಥಿಕೆ ಕೆಲಸ ಮಾಡುವವಳು. ಜಮೀನು, ನೀರು, ದಾರಿ, ಬೇಲಿ ಇವೇ ಜಾಸ್ತಿ. ಇಂಥ ಪತ್ರ ಕೈಗೆ ಬಂದಾಗ ನಾನು ಮೊದಲು ಪ್ರತಿ ತುಂಡನ್ನೂ ಒಂದು ಪ್ರಶ್ನೆಗೆ ಒಡ್ಡುತ್ತೇನೆ: ಇದು ಕಣ್ಣಿಗೆ, ಕಿವಿಗೆ, ಮೂಗಿಗೆ ಸಿಕ್ಕಿದ್ದಾ, ಅಥವಾ ಅದರಿಂದ ನಾವು ಕಟ್ಟಿಕೊಂಡಿದ್ದಾ? ನೀರು ಕಂದಾಗಿತ್ತು ಅನ್ನುವುದು ಕಣ್ಣಿಗೆ ಸಿಕ್ಕಿದ್ದು. ಅವರು ಬಿಟ್ಟರು ಅನ್ನುವುದು ಕಟ್ಟಿಕೊಂಡಿದ್ದು, ನಿಜವೂ ಇರಬಹುದು. ಬೇಕಂತಲೇ ಬಿಟ್ಟರು ಅನ್ನುವುದು ಅವರ ಮನಸ್ಸಿನೊಳಗೆ ಹೊಕ್ಕು ನೋಡಿದಂತೆ. ದುಡ್ಡಿನ ಸೊಕ್ಕು ಅನ್ನುವುದು ಬರೀ ತೀರ್ಪು.

ಕೆಳತೋಟದವರೇ, ತಿದ್ದುವ ಮೊದಲು ಇಷ್ಟು ಹೇಳಿ. ರಾತ್ರಿ ಬಿಡುವುದನ್ನು ಯಾರಾದರೂ ನೋಡಿದ್ದೀರಾ? "ಎಷ್ಟು ಸಲ ಹೇಳಿದರೂ" ಅಂದರೆ ಯಾರಿಗೆ, ಯಾವಾಗ ಹೇಳಿದ್ದು? ಮೋಟಾರಿಗೆ ಆಗಿದ್ದೇನು? ಮೇಲ್ಗಡೆ ಇರುವುದು ಅದೊಂದೇ ಪಲ್ಪರಾ?

ಕೆಳತೋಟ

@ಹಾಸನ ವಕೀಲೆ ಮೇಡಂ, ಕೇಳಿದ್ದಕ್ಕೆಲ್ಲ ಯಜಮಾನರನ್ನು ಕೂರಿಸಿಕೊಂಡು ಉತ್ತರ ತೆಗೆದೆ.

ರಾತ್ರಿ ಬಿಡುವುದನ್ನು ಯಾರೂ ನೋಡಿಲ್ಲ. ಬೆಳಿಗ್ಗೆ ಆರಕ್ಕೆ ಪಂಪ್ ಹಾಕಲು ಹೋದಾಗ ಗುಂಡಿಯಲ್ಲಿ ನೊರೆ, ಕಂದು ನೀರು. ಅದಕ್ಕೆ ರಾತ್ರಿ ಅಂದರು. ಹೇಳಿದ್ದು ಆ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ. ಹೋದ ವರ್ಷ ಸಂತೆಯಲ್ಲಿ ಸಿಕ್ಕಾಗ ಒಮ್ಮೆ, ಈ ವರ್ಷ ಗೇಟಿನ ಹತ್ತಿರ ಒಮ್ಮೆ. ತೋಟದ ಮಾಲೀಕರಾದ ಗೌಡ್ರು ಬೆಂಗಳೂರಿನಲ್ಲಿರುತ್ತಾರೆ, ಅವರಿಗೆ ನೇರವಾಗಿ ಯಾರೂ ಹೇಳಿಲ್ಲ. ಮೋಟಾರ್ ಒಂದು ಸಲ ಸುಟ್ಟಿತು. ಆದರೆ ಆ ವಾರ ವೋಲ್ಟೇಜ್ ಕೂಡ ಕೆಟ್ಟದಾಗಿತ್ತು ಅಂತ ಮೆಕ್ಯಾನಿಕ್ ಹೇಳಿದ್ದರು. ಖಂಡಿತವಾಗಿ ಗೊತ್ತಿರುವುದು ಅಂದರೆ ಫುಟ್ ವಾಲ್ವಿನ ಜಾಲರಿಗೆ ಹಣ್ಣಿನ ಸಿಪ್ಪೆ ಕಟ್ಟಿಕೊಂಡಿದ್ದು. ಡಿಸೆಂಬರ್ 9ಕ್ಕೆ ಅದನ್ನು ತೆಗೆದು ತೊಳೆದೆವು.

ಮೇಲ್ಗಡೆ ಎರಡು ಕವಲು ಇವೆ. ಇನ್ನೊಂದು ಕವಲಿನ ಮೇಲೂ ಒಂದು ತೋಟ ಇದೆ. ಅವರೂ ಪಲ್ಪಿಂಗ್ ಮಾಡುತ್ತಾರೆ, ಸ್ವಲ್ಪ ಕಡಿಮೆ.

ಮೆಣಸಿನ ಬಳ್ಳಿ

ಅಯ್ಯೋ, ಹಾಗಾದರೆ ಇಡೀ ಪತ್ರವೇ ಬಿದ್ದು ಹೋಯಿತಲ್ಲ 😅

ಹಾಸನ ವಕೀಲೆ

ಬಿದ್ದಿಲ್ಲ, ಈಗ ನಿಂತಿತು. ನೋಡಿ, "ನೀವು" ಅಂದರೆ ಇಲ್ಲಿ ಯಾರು? ಪತ್ರ ಓದುವವರು ಗೌಡ್ರು, ಬೆಂಗಳೂರಿನಲ್ಲಿ. ತೂಬು ಎತ್ತಿದವನು, ಎತ್ತಿದ್ದರೆ, ಪಲ್ಪರ್ ಮನೆಯ ಆಳು. ಹೇಳಿಸಿಕೊಂಡವನು ರೈಟರ್. ಮೂವರನ್ನೂ ಒಂದೇ "ನೀವು" ಒಳಗೆ ತುಂಬಿದ್ದೀರಿ. "ಎಷ್ಟು ಸಲ ಹೇಳಿದರೂ" ಅಂತ ಓದಿದ ತಕ್ಷಣ ಗೌಡ್ರು "ನನಗೆ ಯಾವಾಗ ಹೇಳಿದ್ದು?" ಅನ್ನುತ್ತಾರೆ. ಅವರು ಹೇಳುವುದು ನಿಜವೇ. ಒಂದು ವಾಕ್ಯ ಸುಳ್ಳು ಅಂತ ತೋರಿಸಿದರೆ ಸಾಕು, ಉಳಿದ ನಾಲ್ಕಕ್ಕೆ ಉತ್ತರ ಕೊಡಬೇಕಾಗಿಯೇ ಇಲ್ಲ. ಆರೋಪದ ಪತ್ರ ಸೋಲುವುದು ಹೀಗೆ. ಅದರಲ್ಲಿ ಸತ್ಯ ಇಲ್ಲ ಅಂತಲ್ಲ, ಸತ್ಯಕ್ಕೆ ಬೇಡದ್ದನ್ನೂ ಅಂಟಿಸಿರುತ್ತೇವೆ ಅಂತ.

ಮೋಟಾರ್ ವಿಷಯ ಬಿಡಿ. ಜಾಲರಿಯ ಸಿಪ್ಪೆ ಹಿಡಿದುಕೊಳ್ಳಿ. ಸಿಪ್ಪೆಗೆ ವೋಲ್ಟೇಜ್ ಕಾರಣ ಅಂತ ಯಾರೂ ಹೇಳಲಾರರು.

ನಿವೃತ್ತ ಮೇಷ್ಟ್ರು ಚಿಕ್ಕಮಗಳೂರು

ಒಂದು ಮಾತು ಸೇರಿಸುತ್ತೇನೆ. "ನೀನು" ಮಾತು ಬಿಟ್ಟು "ನಾನು" ಮಾತು ಆಡಬೇಕು ಅನ್ನುವುದನ್ನು ಪ್ರಚಾರಕ್ಕೆ ತಂದವರು ಥಾಮಸ್ ಗಾರ್ಡನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ. 1960ರ ದಶಕದಲ್ಲಿ ತಂದೆತಾಯಿಗಳಿಗೆ ತರಗತಿ ನಡೆಸುತ್ತಿದ್ದರು. ಹಾಗಾಗಿ ಪ್ರತಿ ವಾಕ್ಯವನ್ನೂ "ನನಗೆ" ಎಂದು ಶುರು ಮಾಡಿ. "ನನಗೆ ತುಂಬಾ ನೋವಾಗಿದೆ. ನೀವು ಕೆಳಗಿನವರನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ನನಗೆ ಅನಿಸುತ್ತಿದೆ." ಇದರ ಮೇಲೆ ಯಾರೂ ವಾದ ಮಾಡಲು ಆಗುವುದಿಲ್ಲ. ಅನಿಸಿಕೆ ನಿಮ್ಮದು ತಾನೆ?

ಮೆಣಸಿನ ಬಳ್ಳಿ

ಮೇಷ್ಟ್ರೇ, ಕ್ಷಮಿಸಿ. "ನೀವು ಲೆಕ್ಕಕ್ಕೇ ಇಟ್ಟಿಲ್ಲ" ಅನ್ನುವುದಕ್ಕೆ "ನನಗೆ ಅನಿಸುತ್ತಿದೆ" ಅಂತ ಬಾಲ ಕಟ್ಟಿದರೆ ಅದು ಅದೇ ಬೈಗುಳ. ನಮ್ಮ ಅತ್ತೆ "ನೀನು ಸೋಮಾರಿ ಅಂತ ನಾನು ಹೇಳುತ್ತಿಲ್ಲಮ್ಮ, ನನಗೆ ಹಾಗೆ ಅನಿಸುತ್ತದೆ ಅಷ್ಟೇ" ಅನ್ನುತ್ತಿದ್ದರು.

ರೊಬಸ್ಟಾ ರಾಜ

😂😂 ಅತ್ತೆ ಎಲ್ಲರಿಗಿಂತ ಮುಂದೆ.

ಹಾಸನ ವಕೀಲೆ

ಮೇಷ್ಟ್ರು ಹೇಳಿದ್ದು ಅರ್ಧ ಸರಿ. ಗಾರ್ಡನ್ ಹೇಳಿದ್ದರಲ್ಲಿ ಮೂರು ಭಾಗ ಇದ್ದವು. ಏನಾಯಿತು ಅನ್ನುವುದನ್ನು ದೂರು ಸೇರಿಸದೆ ಹೇಳುವುದು, ಅದರಿಂದ ನನಗೆ ಕೈಗೆ ಸಿಗುವಂತೆ ಆದ ಪರಿಣಾಮ, ನನ್ನ ಮನಸ್ಸಿಗೆ ಆಗಿದ್ದು. ಜನ ಮೊದಲ ಎರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಇಟ್ಟುಕೊಂಡರು. ಗಂಡ ಹೆಂಡತಿ, ಮಕ್ಕಳ ನಡುವೆ ಮೂರನೆಯದಕ್ಕೆ ಬೆಲೆ ಇದೆ. ಮುಖ ನೋಡಿ ವರ್ಷಗಳಾದ ತೋಟದ ಯಜಮಾನರಿಗೆ "ನನಗೆ ನೋವಾಗಿದೆ" ಅಂತ ಬರೆದರೆ ಅವರಿಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. "ಪಂಪ್ ಮಧ್ಯಾಹ್ನದವರೆಗೆ ನಿಂತಿತು" ಅಂತ ಬರೆದರೆ ಗೊತ್ತಾಗುತ್ತದೆ.

ನಿವೃತ್ತ ಮೇಷ್ಟ್ರು ಚಿಕ್ಕಮಗಳೂರು

ಮನಸ್ಸಿನ ಮಾತು ಪೂರ್ತಿ ಬಿಟ್ಟರೆ ಪತ್ರ ಒಣಗಿ ಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಒಂದು ಸಾಲಾದರೂ ಇರಲಿ. ಅಕ್ಕಪಕ್ಕದವರು ತಾನೆ, ಕೋರ್ಟಿಗೆ ಹೋಗುತ್ತಿಲ್ಲವಲ್ಲ.

ಹಾಸನ ಅತ್ತಿಗೆ

ಇದೇ ವಿಷಯಕ್ಕೆ ನನ್ನದೊಂದು ಕೇಳಿ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೈದುನನಿಗೆ "ನೀನು ಅಮ್ಮನ ಆಸ್ಪತ್ರೆ ಖರ್ಚಿಗೆ ಯಾವತ್ತೂ ಕೈ ಹಾಕಿಲ್ಲ" ಅಂತ ಹಾಕಿದೆ. ಅವನು ಹಿಂದೊಮ್ಮೆ ಕೊಟ್ಟ ಎರಡು ಸಾವಿರದ ಸ್ಕ್ರೀನ್‌ಶಾಟ್ ಹಾಕಿದ. ಗುಂಪಿನವರೆಲ್ಲ ಅವನ ಕಡೆ. ಈಗ ಏನು ಬರೆಯಲಿ?

ಮೆಣಸಿನ ಬಳ್ಳಿ

@ಹಾಸನ ಅತ್ತಿಗೆ ಅಕ್ಕಾ, "ಯಾವತ್ತೂ" ಅಂದಿದ್ದೇ ಅವರಿಗೆ ಬಾಗಿಲು ತೆರೆದಿದ್ದು. ಒಂದು ಸ್ಕ್ರೀನ್‌ಶಾಟ್ ಸಾಕಾಯಿತು. ಆಸ್ಪತ್ರೆ ಬಿಲ್ಲು ಒಟ್ಟು ಇಷ್ಟು, ಇಲ್ಲಿವರೆಗೆ ಯಾರ್ಯಾರು ಎಷ್ಟು ಕೊಟ್ಟರು, ಉಳಿದಿದ್ದು ಇಷ್ಟು, ಇದನ್ನು ಹೇಗೆ ಹಂಚಿಕೊಳ್ಳೋಣ. ಇಷ್ಟೇ ಬರೆಯಿರಿ. ಅವನ ಎರಡು ಸಾವಿರವನ್ನೂ ಆ ಪಟ್ಟಿಯಲ್ಲಿ ನೀವೇ ಹಾಕಿ. ಮತ್ತೆ ಗುಂಪಿನಲ್ಲಿ ಹಾಕಬೇಡಿ, ಅವನಿಗೆ ಮಾತ್ರ ಕಳಿಸಿ. ಎಲ್ಲರ ಮುಂದೆ ಅಂದರೆ ಲೆಕ್ಕವೂ ಬೈದ ಹಾಗೇ ಕೇಳುತ್ತದೆ.

ಹಾಸನ ಅತ್ತಿಗೆ

ಅವನ ಎರಡು ಸಾವಿರ ನಾನ್ಯಾಕೆ ಹಾಕಲಿ 😒 ಸರಿ ನೋಡುತ್ತೇನೆ.

ಹೇಮಾವತಿ ದಂಡೆ

ಮೂಲ ವಿಷಯಕ್ಕೆ ಬರೋಣ. ನಾನೂ ಪಲ್ಪರ್ ಇಟ್ಟವನು, ಅಂದರೆ ಎದುರು ಪಾರ್ಟಿ. ಅಂಥ ಪತ್ರ ನನಗೂ ಬಂದಿದೆ, ಅದಕ್ಕೆ ಹೇಳುತ್ತೇನೆ.

"ಬೇಜವಾಬ್ದಾರಿ" ಅಂತ ಓದಿದಾಗ ನನ್ನ ತಲೆಗೆ ಬಂದಿದ್ದು ನಾನು ತೊಟ್ಟಿಗೆ ಹಾಕಿದ ಖರ್ಚು. ಅವರ ಕಷ್ಟ ಬರಲೇ ಇಲ್ಲ. ತೊಟ್ಟಿ ಇದೆ, ಸುಣ್ಣ ಹಾಕುತ್ತೇವೆ. ಆದರೆ ಕೊಯ್ಲು ಒಟ್ಟಿಗೆ ಬಂದು ಹಣ್ಣು ಜಾಸ್ತಿಯಾದ ದಿನ ತೊಟ್ಟಿ ತುಂಬಿ ಕಟ್ಟೆ ಮೇಲೆ ಹರಿಯುತ್ತದೆ. ಅಡ್ಡಮಳೆ ಬಂದರಂತೂ ಹೇಳುವುದೇ ಬೇಡ. ಹಣ್ಣು ಸಂಜೆ ಕಣಕ್ಕೆ ಬರುವುದರಿಂದ ಪಲ್ಪಿಂಗ್ ನಡೆಯುವುದೇ ಸಂಜೆ ಮೇಲೆ. ನೀರು ರಾತ್ರಿ ಹರಿದರೆ ಅದು ಕದ್ದು ಬಿಟ್ಟಿದ್ದೇ ಆಗಬೇಕಾಗಿಲ್ಲ.

ಹಾಗಂತ ಅವರು ಬಿಡುತ್ತಿಲ್ಲ ಅಂತಲೂ ಅಲ್ಲ. ಬಿಡುವವರೂ ಇದ್ದಾರೆ. ಒಂದು ಉಪಾಯ: ಎರಡು ಕವಲು ಸೇರುವ ಜಾಗಕ್ಕೆ ಬೆಳಿಗ್ಗೆಯೇ ಹೋಗಿ, ಎರಡೂ ಕಡೆ ನೀರನ್ನು ನೋಡಿ. ಬೇರೆಯವರ ತೋಟಕ್ಕೆ ಕಾಲಿಡಬೇಡಿ, ರಸ್ತೆ ಮೋರಿಯಿಂದಲೇ ಕಾಣುವುದಾದರೆ ಅಲ್ಲಿಂದಲೇ. ಎರಡು ಗಾಜಿನ ಬಾಟಲಿಯಲ್ಲಿ ಹಿಡಿದು ಪಕ್ಕಪಕ್ಕ ಇಟ್ಟು ಫೋಟೋ ತೆಗೆಯಿರಿ. ಪಿಎಚ್ ಪಟ್ಟಿ ಸಿಕ್ಕರೆ ಅದನ್ನೂ ಅದ್ದಿ. ತಿಳಿ ನೀರಿಗೂ ಪಲ್ಪರ್ ನೀರಿಗೂ ಬಣ್ಣ ಬೇರೆ ಬರುತ್ತದೆ, ಯಾಕೆಂದರೆ ಲೋಳೆಯ ಸಕ್ಕರೆ ಹುದುಗಿ ಹುಳಿಯಾಗಿರುತ್ತದೆ.

ಕೆಳತೋಟ

@ಹೇಮಾವತಿ ದಂಡೆ ಅಣ್ಣಾ, ಇದು ಒಳ್ಳೇ ಮಾತು. ರಸ್ತೆ ಮೋರಿಯಿಂದ ಎರಡೂ ಕವಲು ಕಾಣುತ್ತವೆ. ನೀರು ಕೆಟ್ಟ ದಿನ ನೋಡಿ ಬಂದು ಬರೆಯುತ್ತೇನೆ.

ರೊಬಸ್ಟಾ ರಾಜ

ಪತ್ರಕ್ಕೆ ಬಾಟಲಿ, ಪಟ್ಟಿ, ಫೋಟೋ. ಅಷ್ಟರಲ್ಲಿ ಕೊಯ್ಲೇ ಮುಗಿದಿರುತ್ತದೆ ಮಾರಾಯ್ರೇ.

ಬೇಲೂರಿನವ

ಅಂದಹಾಗೆ ಈ ಮೋಡ ನೋಡಿದರೆ ಭಯ. ಕಣದಲ್ಲಿ ಪಾರ್ಚ್‌ಮೆಂಟ್ ಹರಡಿದ್ದೇವೆ. ಮೂಡಿಗೆರೆ ಕಡೆ ಮಳೆ ಇದೆಯಾ?

ಕಣದ ಕಾವಲು

ಕೊಟ್ಟಿಗೆಹಾರದಲ್ಲಿ ಹನಿ ಬಿತ್ತು. ಟಾರ್ಪಾಲ್ ಮುಚ್ಚಿ ಮಲಗಿ.

ಕೆಳತೋಟ

12ನೇ ತಾರೀಖು ಬೆಳಿಗ್ಗೆ ಮತ್ತೆ ನೀರು ಕೆಟ್ಟಿತ್ತು. ಮೋರಿಗೆ ಹೋದೆವು. ಗೌಡ್ರ ತೋಟದ ಕಡೆ ಕವಲು ಕಂದು, ಮೇಲೆ ನೊರೆ. ಇನ್ನೊಂದು ಕವಲಿನಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿ. ಫೋಟೋ ತೆಗೆದೆವು. ಪಟ್ಟಿ ಸಿಗಲಿಲ್ಲ. ಆದರೆ 9ನೇ ತಾರೀಖು ನಾವು ಮೋರಿಗೆ ಹೋಗಿರಲಿಲ್ಲ, ಆ ದಿನ ಯಾವ ಕಡೆಯಿಂದ ಬಂತು ಅಂತ ಹೇಳಲು ಬರುವುದಿಲ್ಲ.

ಯಜಮಾನರು ಈಗ ಬರೆದಿದ್ದು ಇದು:

"ಮಾನ್ಯರೇ, ಈಚೆಗೆ ಹಳ್ಳದ ನೀರಿನಲ್ಲಿ ಕೆಲವು ಬದಲಾವಣೆಗಳು ಕಂಡುಬಂದಿದ್ದು, ಕೆಳಭಾಗದ ನಿವಾಸಿಗಳಿಗೆ ಅನಾನುಕೂಲ ಉಂಟಾಗಿದೆ. ಸಂಬಂಧಪಟ್ಟವರು ದಯವಿಟ್ಟು ಗಮನ ಹರಿಸಬೇಕಾಗಿ ವಿನಂತಿ."

ನನಗೆ ಇದು ಯಾಕೋ ಸರಿ ಕಾಣುತ್ತಿಲ್ಲ.

ರೊಬಸ್ಟಾ ರಾಜ

ಇದು ಪಂಚಾಯ್ತಿ ಬೋರ್ಡಿಗೆ ಅಂಟಿಸುವ ಚೀಟಿ. ಗೌಡ್ರು ಓದಿ ಮಡಚಿ ಪಕ್ಕಕ್ಕಿಡುತ್ತಾರೆ.

ಹಾಸನ ವಕೀಲೆ

ಈ ಸಲ ರಾಜಣ್ಣನ ಮಾತು ಒಪ್ಪುತ್ತೇನೆ. ಬೈಗುಳ ತೆಗೆಯುವಾಗ ವಿಷಯವನ್ನೂ ತೊಳೆದು ಹಾಕಿಬಿಟ್ಟರು. "ಕೆಲವು ಬದಲಾವಣೆ" ಅಂದರೆ ಏನು? "ಅನಾನುಕೂಲ" ಯಾರಿಗೆ? "ಸಂಬಂಧಪಟ್ಟವರು" ಯಾರು? ತೀರ್ಪು ಇಲ್ಲದಿರುವುದು ಬೇರೆ, ಮಸುಕಾಗಿರುವುದು ಬೇರೆ. ಗೊತ್ತಿರುವುದನ್ನು ನೇರವಾಗಿ ಹೇಳಲೇಬೇಕು. ಅವರ ತೋಟದ ಕಡೆ ಕವಲು ಕಂದಾಗಿತ್ತು ಅನ್ನುವುದು ನೋಡಿದ ವಿಷಯ. ಅದನ್ನು ಹೇಳುವಾಗ "ನಿಮ್ಮ ತೋಟದ ಕಡೆಯಿಂದ" ಅಂತ ಬರಲಿ. ಅಲ್ಲಿ "ನಿಮ್ಮ" ಅನ್ನುವುದು ಜಾಗ ತೋರಿಸುತ್ತದೆ, ಗುಣ ಅಳೆಯುವುದಿಲ್ಲ.

ಹೀಗೆ ನೋಡಿ. ಹಳೇ ಪತ್ರದ ಒಂದು ಸಾಲು ಬಿಟ್ಟರೆ ಉಳಿದ ಒಂದೊಂದರ ಹಿಂದೆಯೂ ಒಂದು ನಿಜ ಇತ್ತು.

"ಪ್ರತಿ ವರ್ಷ ಬೇಕಂತಲೇ ರಾತ್ರಿ ಬಿಡುತ್ತೀರಿ" ಅನ್ನುವುದರ ಹಿಂದೆ ಇರುವುದು 9 ಮತ್ತು 12ರ ಬೆಳಗಿನ ನೀರು. ತಾರೀಖು, ಹೊತ್ತು, ಜಾಗ, ಬಣ್ಣ, ವಾಸನೆ ಬರೆಯಿರಿ. ಕ್ರಿಯಾಪದ "ಬಿಟ್ಟಿರಿ" ಬೇಡ, "ಬಂತು", "ಇತ್ತು", "ಕಂಡಿತು" ಸಾಕು. "ಎಷ್ಟು ಸಲ ಹೇಳಿದರೂ" ಅನ್ನುವುದರ ಹಿಂದೆ ರೈಟರಿಗೆ ಹೇಳಿದ್ದು ಇದೆ. ಅದನ್ನು "ಈ ವಿಷಯ ನಿಮ್ಮ ಗಮನಕ್ಕೆ ನೇರವಾಗಿ ಬಂದಿರಲಿಕ್ಕಿಲ್ಲ" ಅಂತ ಶುರು ಮಾಡಿದರೆ ಗೌಡ್ರಿಗೂ ಮುಖ ಉಳಿಯುತ್ತದೆ, ರೈಟರ ಮೇಲೆ ಚಾಡಿಯೂ ಆಗುವುದಿಲ್ಲ. "ದನಗಳು ಕುಡಿಯುತ್ತಿಲ್ಲ" ಅನ್ನುವುದು ಚೆನ್ನಾಗಿದೆ, ಯಾವ ದಿನ ಅಂತ ಸೇರಿಸಿ. "ಇಡೀ ಊರು" ಬೇಡ. ಊರಿನವರು ನಿಮಗೆ ಬರೆಯಲು ಹೇಳಿಲ್ಲ. ನಿಮ್ಮ ಮನೆಗೆ ಆಗಿದ್ದನ್ನು ಮಾತ್ರ ಹೇಳಿ, ಅದನ್ನು ಯಾರೂ ಅಲ್ಲಗಳೆಯಲು ಬರುವುದಿಲ್ಲ. ದುಡ್ಡಿನ ಸಾಲಿನ ಹಿಂದೆ ಏನೂ ಇಲ್ಲ, ಅದು ಹೋಗಲಿ.

ಕೊನೆಯ "ನೀವೇ ಹೊಣೆ" ಅನ್ನುವುದರ ಹಿಂದೆ ಒಂದು ಬೇಡಿಕೆ ಇದೆ, ಆದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಏನಾಗಬೇಕು ನಿಮಗೆ? "ನಿಲ್ಲಿಸಿ" ಅಂದರೆ ಪಲ್ಪಿಂಗ್ ನಿಲ್ಲಿಸಿ ಅಂತ ಓದಿಕೊಳ್ಳುತ್ತಾರೆ.

ಇನ್ನೊಂದು ಸಣ್ಣದು. "ದಯವಿಟ್ಟು ಇನ್ನಾದರೂ" ಅಂತ ಬರೆಯುವವರು ಜಾಸ್ತಿ. ಆ "ಇನ್ನಾದರೂ" ಒಳಗೆ ಇಡೀ ಹಳೇ ಜಗಳ ಕೂತಿರುತ್ತದೆ. "ಕನಿಷ್ಠ", "ಹೇಳಿದರೂ ಕೂಡ", "ತಮ್ಮಂಥವರು" ಇವೂ ಅದೇ ಜಾತಿ. ಬರೆದು ಮುಗಿಸಿ ಇವನ್ನೆಲ್ಲ ಹುಡುಕಿ ತೆಗೆಯಿರಿ.

ಹೇಮಾವತಿ ದಂಡೆ

ಬೇಡಿಕೆ ನಾನು ಹೇಳುತ್ತೇನೆ, ಪಲ್ಪರ್ ಇಟ್ಟವನಿಗೆ ಮಾಡಲು ಬರುವಂಥದ್ದು. ತೊಟ್ಟಿ ತುಂಬಿ ಹರಿಯುತ್ತಿದೆಯಾ, ಕಟ್ಟೆ ಒಡೆದಿದೆಯಾ ನೋಡಿಸಿ ಅನ್ನಿ. ಸಿಪ್ಪೆ ನೀರಿನ ಜೊತೆ ಹೋಗದಂತೆ ಜಾಲರಿ ಇದೆಯಾ ಕೇಳಿ. ಹಣ್ಣು ಜಾಸ್ತಿ ಇರುವ ದಿನ ಮುಂಚೆಯೇ ಒಂದು ಫೋನ್ ಮಾಡಿದರೆ ನಿಮ್ಮ ಟ್ಯಾಂಕ್ ತುಂಬಿಸಿಕೊಳ್ಳಬಹುದು. ಇದಕ್ಕೆ ಅವರಿಗೆ ಖರ್ಚೂ ಇಲ್ಲ.

ರೊಬಸ್ಟಾ ರಾಜ

ಫೋನ್ ಮಾಡಿ ಗಲೀಜು ಬಿಡಲು ಪರವಾನಗಿ ಕೊಟ್ಟ ಹಾಗಾಯಿತು! ಹಳ್ಳಕ್ಕೆ ಬಿಡುವುದೇ ತಪ್ಪು ಸ್ವಾಮಿ. ಹಳ್ಳದ ಮೀನಿಗೆ ಯಾರು ಫೋನ್ ಮಾಡುತ್ತಾರೆ? ಆ ನೀರು ಕೊಳೆಯುವಾಗ ಹಳ್ಳದ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ.

ಕೆಳತೋಟ

@ರೊಬಸ್ಟಾ ರಾಜ ಅಣ್ಣ ಹೇಳುವುದರಲ್ಲಿ ಅರ್ಥ ಇದೆ. ಫೋನಿನ ವಿಷಯ ಬಿಡುತ್ತೇನೆ. ಎಲ್ಲ ಸೇರಿಸಿ ನಾನೇ ಬರೆದೆ, ನೋಡಿ:

"ಗೌಡ್ರಿಗೆ ನಮಸ್ಕಾರ. ಹಳ್ಳದ ನೀರಿನ ಬಗ್ಗೆ ಬರೆಯುತ್ತಿದ್ದೇವೆ. ನಿಮ್ಮ ಗಮನಕ್ಕೆ ನೇರವಾಗಿ ಬಂದಿರಲಿಕ್ಕಿಲ್ಲ.

ಡಿಸೆಂಬರ್ 9 ಮತ್ತು 12ರ ಬೆಳಿಗ್ಗೆ 6 ಗಂಟೆ ಸುಮಾರಿಗೆ ನಮ್ಮ ಪಂಪ್ ಗುಂಡಿಯಲ್ಲಿ ನೀರು ಕಂದಾಗಿತ್ತು, ನೊರೆ ಮತ್ತು ಹುಳಿ ವಾಸನೆ ಇತ್ತು. ಎರಡೂ ದಿನ ಫುಟ್ ವಾಲ್ವಿನ ಜಾಲರಿಗೆ ಕಾಫಿ ಹಣ್ಣಿನ ಸಿಪ್ಪೆ ಕಟ್ಟಿಕೊಂಡಿತ್ತು. 12ರಂದು ರಸ್ತೆ ಮೋರಿಯಿಂದ ನೋಡಿದಾಗ ನಿಮ್ಮ ತೋಟದ ಕಡೆಯ ಕವಲು ಕಂದಾಗಿತ್ತು, ಇನ್ನೊಂದು ಕವಲು ತಿಳಿಯಾಗಿತ್ತು. 9ರಂದು ಮೋರಿಯ ಹತ್ತಿರ ನೋಡಿಲ್ಲ. 12ರ ಫೋಟೋ ಜೊತೆಗಿದೆ.

ಆ ಎರಡು ದಿನ ಮಧ್ಯಾಹ್ನದವರೆಗೆ ಪಂಪ್ ಹಾಕಲು ಆಗಲಿಲ್ಲ. ದನಗಳು ತೊಟ್ಟಿ ನೀರು ಮುಟ್ಟಲಿಲ್ಲ. ಮನೆಗೂ ಕೊಟ್ಟಿಗೆಗೂ ಪಕ್ಕದ ಮನೆ ಬಾವಿಯಿಂದ ಹೊತ್ತು ತಂದೆವು.

ಪಲ್ಪರ್ ನೀರಿನ ತೊಟ್ಟಿ ತುಂಬಿ ಹರಿಯುತ್ತಿದೆಯೇ, ಸಿಪ್ಪೆ ತಡೆಯುವ ಜಾಲರಿ ಸರಿ ಇದೆಯೇ ಎಂದು ಒಮ್ಮೆ ನೋಡಿಸಬೇಕಾಗಿ ಕೋರಿಕೆ. ರೈಟರ್ ಜೊತೆ ಬಂದು ನೋಡಲು ನಮ್ಮವರು ತಯಾರಿದ್ದಾರೆ. 20ನೇ ತಾರೀಖಿನೊಳಗೆ ಒಂದು ಮಾತು ತಿಳಿಸಿದರೆ ಅನುಕೂಲ."

ಮೆಣಸಿನ ಬಳ್ಳಿ

ಹಳೆಯದಕ್ಕಿಂತ ಇದೇ ಜೋರಾಗಿದೆ ಅನ್ನಿಸಿತು. ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ಬೇಲೂರಿನವ

"9ರಂದು ಮೋರಿಯ ಹತ್ತಿರ ನೋಡಿಲ್ಲ" ಯಾಕೆ ಹಾಕಿದಿರಿ? ನಮ್ಮ ಕೈಯಾರೆ ನಮ್ಮ ಕೇಸು ದುರ್ಬಲ ಮಾಡಿಕೊಂಡ ಹಾಗೆ.

ಹಾಸನ ವಕೀಲೆ

ನಾನಾದರೆ ಇಡುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದವರು ಗೊತ್ತಿದೆ ಅಂದಾಗ ಜನ ನಂಬುತ್ತಾರೆ. ನಾಳೆ ಮಂಡಳಿಗೇ ದೂರು ಕೊಡಬೇಕಾಗಿ ಬಂದರೂ ಇದೇ ಪತ್ರ ಆಧಾರ. ತಾರೀಖು ಇದೆ, ಜಾಗ ಇದೆ, ಫೋಟೋ ಇದೆ. ಹಳೇ ಪತ್ರ ಲಗತ್ತಿಸಿದ್ದರೆ ಓದುವ ಅಧಿಕಾರಿ ನಿಮ್ಮನ್ನೇ ಜಗಳಗಂಟರು ಅಂದುಕೊಳ್ಳುತ್ತಿದ್ದ. ಒಂದು ಪ್ರತಿ ಇಟ್ಟುಕೊಂಡು ಅಂಚೆಯಲ್ಲಿ ಕಳಿಸಿ.

ಆದರೆ ಇದಕ್ಕೂ ಮಿತಿ ಇದೆ. ಅಧಿಕೃತ ದೂರಿನಲ್ಲಿ ಯಾರ ಮೇಲೆ, ಯಾವ ಕೃತ್ಯಕ್ಕೆ ಅಂತ ಹೆಸರಿಸಲೇಬೇಕು, ಅಲ್ಲಿ "ನೀರು ಬಂತು" ಸಾಲದು. ಯಾರಾದರೂ ಬೆದರಿಕೆ ಹಾಕಿದ್ದರೆ, ಕೈ ಎತ್ತಿದ್ದರೆ ಅದನ್ನೂ ಹೀಗೆ ಮೆದು ಮಾಡಬಾರದು. "ನನಗೆ ಪೆಟ್ಟಾಯಿತು" ಅಲ್ಲ, "ಅವನು ಹೊಡೆದ".

ನಿವೃತ್ತ ಮೇಷ್ಟ್ರು ಚಿಕ್ಕಮಗಳೂರು

ಪತ್ರ ಚೆನ್ನಾಗಿದೆ. ಆದರೂ ಅಂಚೆ ಬೇಡ. ಗೌಡ್ರು ಊರಿಗೆ ಬಂದಾಗ ಮನೆಗೆ ಹೋಗಿ, ಕಾಫಿ ಕುಡಿದು, ಕೈಯಲ್ಲಿ ಕೊಡಿ. ಮಲೆನಾಡಿನಲ್ಲಿ ಅಂಚೆ ಪತ್ರ ಅಂದರೆ ವಕೀಲರ ನೋಟಿಸ್ ಅಂತಲೇ ಲೆಕ್ಕ.

ಹೇಮಾವತಿ ದಂಡೆ

ಮೇಷ್ಟ್ರ ಮಾತೇ ಸರಿ. 20ನೇ ತಾರೀಖು ಅನ್ನುವ ಗಡುವೂ ನನಗೆ ಸ್ವಲ್ಪ ಚುಚ್ಚುತ್ತದೆ.

ಮೆಣಸಿನ ಬಳ್ಳಿ

ಗಡುವು ಇಲ್ಲದಿದ್ದರೆ ಕೊಯ್ಲು ಮುಗಿದು ಹೂ ಮಳೆ ಬರುವವರೆಗೆ ಕಾಯುತ್ತಾ ಕೂರಬೇಕು. ಇರಲಿ ಬಿಡಿ.

ಕೆಳತೋಟ

ಗೌಡ್ರು ಸಂಕ್ರಾಂತಿಗೆ ಮೊದಲು ಬರುವುದಿಲ್ಲವಂತೆ. ಅದಕ್ಕೆ ವಾಟ್ಸಾಪಿನಲ್ಲಿ ಪತ್ರದ ಫೋಟೋ ಕಳಿಸಿದೆವು, ಪ್ರತಿ ಇಟ್ಟುಕೊಂಡಿದ್ದೇವೆ. ಗಡುವು ಹಾಗೇ ಇದೆ. ಯಜಮಾನರಿಗೆ ದುಡ್ಡಿನ ಸಾಲು ಹೋಗಿದ್ದು ಇನ್ನೂ ಬೇಜಾರು.

ಸಂಜೆ ರೈಟರ್ ಫೋನ್ ಮಾಡಿದ್ದರು. ಸ್ವಲ್ಪ ಬಿಗಿಯಾಗಿಯೇ ಮಾತಾಡಿದರು. "ನನಗೇ ಹೇಳಬಹುದಿತ್ತಲ್ಲ" ಅಂದರು. ಆದರೆ 12ರ ಹಿಂದಿನ ಸಂಜೆ ಹಣ್ಣು ಜಾಸ್ತಿ ಬಂದಿತ್ತು ಅಂತ ಅವರೇ ಹೇಳಿದರು. ತೊಟ್ಟಿ ನೋಡಲು ನಾಡಿದ್ದು ಬೆಳಿಗ್ಗೆ ಬನ್ನಿ ಅಂದಿದ್ದಾರೆ. 9ರದ್ದು ತಮ್ಮದಲ್ಲವಂತೆ.

ರೊಬಸ್ಟಾ ರಾಜ

9ರದ್ದು ಹಾಗಾದರೆ ಇನ್ನೊಂದು ತೋಟದ್ದಾ? ಅವರಿಗೂ ಒಂದು ಪತ್ರ ರೆಡಿ ಮಾಡಿ.

ಹಾಸನ ವಕೀಲೆ

@ಕೆಳತೋಟ, ನಾಡಿದ್ದು ಹೋದಾಗ ರೈಟರಿಗೆ "ನಿಮಗೆ ಎರಡು ಸಲ ಹೇಳಿದ್ದೆ" ಅಂತ ಯಜಮಾನರು ಶುರು ಮಾಡದ ಹಾಗೆ ನೋಡಿಕೊಳ್ಳಿ. ತೊಟ್ಟಿಯ ಕಟ್ಟೆ ಎಲ್ಲಿವರೆಗೆ ಒದ್ದೆಯಾಗಿದೆ ಅಂತ ನೋಡಿ, ಕೇಳಿ ಫೋಟೋ ತೆಗೆಯಿರಿ. ಇನ್ನೊಂದು ತೋಟಕ್ಕೆ ಈಗಲೇ ಏನೂ ಬರೆಯಬೇಡಿ. ಆ ಕವಲು ಕೆಟ್ಟಿದ್ದನ್ನು ಇನ್ನೂ ಯಾರೂ ನೋಡಿಲ್ಲ.

ಕಣದ ಕಾವಲು

ಹೋಗುವಾಗ ಸುಣ್ಣ ಎಷ್ಟು ಹಾಕುತ್ತಾರೆ ಅಂತ ಕೇಳಿ ಬನ್ನಿ, ನನಗೂ ಬೇಕು.